ಕಡಲಾಚೆಗೆ ಚಕ್ಕುಲಿ, ಕರದಂಟು

ವಿದೇಶದಲ್ಲಿರುವ ಕನ್ನಡಿಗರ ಮನೆಗಳಿಗೆ ಚಕ್ಕುಲಿ, ಕೋಡುಬಳೆ, ಕರದಂಟು ಕಳಿಸುವ ವ್ಯಾಪಾರ ವಾಟ್ಸ್‌ಆ್ಯಪ್ ಗುಂಪು, ಇನ್‌ಸ್ಟಾಗ್ರಾಮ್ ಪುಟಗಳಲ್ಲಿ ಕುದುರುತ್ತದೆ. ಫೋಟೊ ನೋಡಿ ಮೊದಲ ಆರ್ಡರ್ ಬರುತ್ತದೆ. ಎರಡನೆಯ ಆರ್ಡರ್ ಬರುವುದು ಪಾರ್ಸೆಲ್ ಯಾವ ದಿನ, ಯಾವ ಸ್ಥಿತಿಯಲ್ಲಿ ಮುಟ್ಟಿತು ಎಂಬುದನ್ನು ನೋಡಿಕೊಂಡು. ಹಾಗಾಗಿ ಏನು ಕಳಿಸಬಾರದು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಬೇಕು.

ತಿಂಡಿ ಕೆಡಿಸುವುದರಲ್ಲಿ ನೀರಿನಂಶದ್ದೇ ಮೊದಲ ಪಾತ್ರ. ಕಾಯಿಹೋಳಿಗೆ, ಹಾಲು ಚಿಮುಕಿಸಿ ಕಟ್ಟಿದ ರವೆಉಂಡೆ ದೂರದ ದಾರಿಗೆ ಸಲ್ಲವು. ಬರೀ ತುಪ್ಪದಲ್ಲಿ ಕಟ್ಟಿದ ಉಂಡೆ, ಬೆಲ್ಲದ ಗಟ್ಟಿ ಪಾಕದ ಕರದಂಟು ಬಾಳಿಕೆ ಬರುತ್ತವೆ. ಕರಿದ ತಿಂಡಿಗೆ ಬೂಷ್ಟಿನ ಭಯ ಕಡಿಮೆ, ಆದರೆ ಅದರಲ್ಲಿರುವ ಎಣ್ಣೆ ಗಾಳಿ, ಬೆಳಕು, ಶಾಖಕ್ಕೆ ಸಿಕ್ಕಿ ಕಮಟು ಹಿಡಿಯುತ್ತದೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆಯಾದರೆ ಇನ್ನೂ ಬೇಗ. ಇದನ್ನು ತಿಳಿಯಲು ಪ್ರತಿ ಸಲ ಕರಿದಾಗಲೂ ಒಂದು ಪೊಟ್ಟಣವನ್ನು ದಿನಾಂಕ ಬರೆದು ಮನೆಯಲ್ಲೇ ಇಟ್ಟು, ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ ಬಿಚ್ಚಿ ಮೂಸಿ ನೋಡಬೇಕು. ಬಿಸಿ ಆರುವ ಮೊದಲೇ ತುಂಬಿದರೆ ಒಳಗೆ ಹಬೆ ಕಟ್ಟಿ ಚಕ್ಕುಲಿ ಮೆತ್ತಗಾಗುತ್ತದೆ. ಕರದಂಟಿಗೆ ವ್ಯಾಕ್ಯೂಮ್ ಪ್ಯಾಕಿಂಗ್ ಒಗ್ಗುತ್ತದೆ, ಚಕ್ಕುಲಿಗೆ ಹಾಗೆ ಮಾಡಿದರೆ ಪುಡಿಯೇ ಗತಿ.

ಕೊರಿಯರ್ ದರದಲ್ಲಿ ಹೊಸಬರು ಎಡವುವುದು ಹೆಚ್ಚು. ಕಂಪನಿಗಳು ತಕ್ಕಡಿಯ ತೂಕದ ಜೊತೆಗೆ ಡಬ್ಬದ ಗಾತ್ರವನ್ನೂ ನೋಡುತ್ತವೆ. ಸಾಮಾನ್ಯವಾಗಿ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ, ನಿಜವಾದ ತೂಕ, ಇವೆರಡರಲ್ಲಿ ಹೆಚ್ಚಿನದಕ್ಕೆ ಹಣ. ದಾವಣಗೆರೆಯ ಒಂದು ಮನೆಯಿಂದ ನ್ಯೂಜೆರ್ಸಿಗೆ ಬರೀ ಚಕ್ಕುಲಿ ಹೋಗುತ್ತದೆ ಎನ್ನಿ. 40, 30, 30 ಸೆಂಟಿಮೀಟರ್ ಅಳತೆಯ ಡಬ್ಬದಲ್ಲಿ ನಾಲ್ಕು ಕಿಲೊ ಹಿಡಿಸಿದರೂ ಬಿಲ್ಲು 7.2 ಕಿಲೊಗೆ. ಅದೇ ಮನೆಯವರು 35, 30, 25ರ ಡಬ್ಬದಲ್ಲಿ ಎರಡು ಕಿಲೊ ಚಕ್ಕುಲಿ, ಎರಡೂವರೆ ಕಿಲೊ ಕರದಂಟು ತುಂಬಿದರೆ ಲೆಕ್ಕ 5.25 ಕಿಲೊಗೆ ಇಳಿಯುತ್ತದೆ. ತಿಂಡಿ ಹೆಚ್ಚು, ಸಾಗಣೆ ಖರ್ಚು ಕಡಿಮೆ. ಬಿಡಿಯಾಗಿ ಚಕ್ಕುಲಿ ಮಾರುವ ಬದಲು ‘ಹಬ್ಬದ ಡಬ್ಬ’ ಎಂದು ಮಾರುವುದರ ಹಿಂದಿನ ಲಾಭ ಇದೇ.

ಮುಂದಿನದು ಆ ಕಡೆಯ ಕಸ್ಟಮ್ಸ್. ಮನೆಯಲ್ಲಿ ಮಾಡಿದ ತಿಂಡಿಯನ್ನು ಒಬ್ಬರು ಇನ್ನೊಬ್ಬರಿಗೆ ಉಡುಗೊರೆಯಾಗಿ ಕಳಿಸಿದರೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತಕ್ಕೆ ಮುಂಚಿತವಾಗಿ ತಿಳಿಸಬೇಕಿಲ್ಲ. ಮಾರಾಟದ ಸರಕಿಗೆ ಈ ವಿನಾಯಿತಿ ಸಿಗದು. ದುಡ್ಡು ಪಡೆದು ಕಳಿಸುವ ಡಬ್ಬದ ಮೇಲೆ ‘ಉಡುಗೊರೆ’ ಎಂದು ಬರೆಯುವುದು ಸುಳ್ಳು ಘೋಷಣೆಯೇ, ಎಷ್ಟೇ ಜನ ಹಾಗೆ ಬರೆದರೂ. ವ್ಯಾಪಾರವಾಗಿ ಮಾಡುವವರಿಗೆ ಇಲ್ಲಿ ಆಹಾರ ಸುರಕ್ಷತಾ ಪರವಾನಗಿ, ರಫ್ತಿನ ಐಇಸಿ ಸಂಖ್ಯೆ ಬೇಕು. ಆಸ್ಟ್ರೇಲಿಯಾ ಹಾಲಿನ ಸಿಹಿಗಳನ್ನು ಗಡಿಯಲ್ಲೇ ತಡೆಯುತ್ತದೆ, ಅಲ್ಲಿನ ಗಿರಾಕಿ ಧಾರವಾಡ ಪೇಡ ಕೇಳಿದರೆ ಇಲ್ಲ ಎನ್ನುವುದೇ ಸರಿ. ನಿಯಮಗಳು ರಾತ್ರಿ ಬೆಳಗಾಗುವುದರಲ್ಲಿ ಬದಲಾಗುವುದೂ ಉಂಟು. 2025ರ ಆಗಸ್ಟ್‌ನಲ್ಲಿ ಅಮೆರಿಕ 800 ಡಾಲರ್‌ವರೆಗಿನ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿಯನ್ನು ತೆಗೆದಾಗ, ಭಾರತೀಯ ಅಂಚೆ ಆ ದೇಶದ ಪಾರ್ಸೆಲ್ ಸೇವೆಯನ್ನು ಅಕ್ಟೋಬರ್ ಮಧ್ಯದವರೆಗೂ ನಿಲ್ಲಿಸಿತ್ತು.

ಆದ್ದರಿಂದ ದೀಪಾವಳಿಯ ದಿನಗಳನ್ನು ಹಿಂದಿನಿಂದ ಎಣಿಸಬೇಕು. ಡಬ್ಬ ಹಬ್ಬಕ್ಕೆ ಮೂರು ದಿನ ಮುಂಚೆ ಮುಟ್ಟಬೇಕು, ಎಕ್ಸ್‌ಪ್ರೆಸ್ ಕೊರಿಯರ್‌ಗೆ ಒಂದು ವಾರ, ಕಸ್ಟಮ್ಸ್‌ನಲ್ಲಿ ತಡೆದರೆ ಇನ್ನೊಂದು ವಾರ, ಕರಿದು ಪ್ಯಾಕ್ ಮಾಡಲು ನಾಲ್ಕು ದಿನ. ಅಂದರೆ ಹಬ್ಬಕ್ಕೆ ಮೂರು ವಾರ ಇರುವಾಗಲೇ ಆರ್ಡರ್ ನಿಲ್ಲಿಸಬೇಕು. ಆಮೇಲೆ ಬಂದವರಿಗೆ ‘ಹಬ್ಬ ಕಳೆದು ಬರುತ್ತದೆ, ಆಗಬಹುದೇ’ ಎಂದು ಕೇಳಿಯೇ ಒಪ್ಪಿಕೊಳ್ಳುವುದು ಲೇಸು. ಪೋಸ್ಟ್ ಹಾಕುವ ಹೊತ್ತೂ ಮುಖ್ಯ. ಅಮೆರಿಕದ ಬೇಸಿಗೆ ಸಮಯದಲ್ಲಿ ಇಲ್ಲಿ ಬೆಳಗಿನ ಏಳು ಗಂಟೆಯೆಂದರೆ ನ್ಯೂಜೆರ್ಸಿಯಲ್ಲಿ ಹಿಂದಿನ ರಾತ್ರಿ ಒಂಬತ್ತೂವರೆ, ಊಟ ಮುಗಿಸಿ ಫೋನ್ ಹಿಡಿಯುವ ವೇಳೆ.

ಕಾಣದ ಅಡುಗೆಮನೆಗೆ ಮುಂಗಡ ಕೊಡಲು ಯಾರಿಗಾದರೂ ಅಳುಕು ಸಹಜ. ಅದಕ್ಕೇ ಮೊದಲ ಆರ್ಡರ್ ಎಷ್ಟೋ ಸಲ ಊರಿನ ಅತ್ತೆಯೋ ತಾಯಿಯೋ ರುಚಿ ನೋಡಿ ಒಪ್ಪಿದ ಮೇಲೆಯೇ ಬರುತ್ತದೆ. ಬಣ್ಣದ ವಿಡಿಯೊಗಿಂತ ಕರಿದ ದಿನಾಂಕ, ಬಳಸಿದ ಎಣ್ಣೆ, ಶೇಂಗಾ ಎಳ್ಳು ಇದೆಯೇ ಎಂಬ ವಿವರ, ತಕ್ಕಡಿಯ ಮೇಲಿನ ಡಬ್ಬದ ಚಿತ್ರ, ಟ್ರ್ಯಾಕಿಂಗ್ ಸಂಖ್ಯೆ ಹೆಚ್ಚು ನಂಬಿಕೆ ತರುತ್ತವೆ. ಕೊನೆಗೆ ಜಗಳ ಹುಟ್ಟುವುದು ಎರಡೇ ವಿಷಯಕ್ಕೆ: ಸುಂಕ ಯಾರು ಕಟ್ಟಬೇಕು, ಡಬ್ಬ ಜಪ್ತಿಯಾದರೆ ನಷ್ಟ ಯಾರದು. ಇವೆರಡನ್ನೂ ಹಣ ಪಡೆಯುವ ಮೊದಲೇ ಬರೆದು ಕಳಿಸಬೇಕು. ಕೊಳ್ಳುವವರೂ ಅಷ್ಟೇ, ಈ ಎರಡು ಪ್ರಶ್ನೆಗೆ ನೇರ ಉತ್ತರ ಕೊಡದವರಿಂದ ತರಿಸದಿರುವುದು ಒಳ್ಳೆಯದು.