ಮೂಗಿನ ದುರ್ಮಾಂಸಕ್ಕೂ ನೋವಿನ ಮಾತ್ರೆಗೂ ಏನು ಸಂಬಂಧ?

ನಲವತ್ತರ ಆಸುಪಾಸಿನ ಒಬ್ಬ ಹೆಂಗಸು ಎಂದುಕೊಳ್ಳಿ. ಎರಡು ವರ್ಷದಿಂದ ಮೂಗು ಕಟ್ಟಿಕೊಂಡೇ ಇದೆ, ಒಗ್ಗರಣೆ ಸೀದರೂ ವಾಸನೆ ಗೊತ್ತಾಗುವುದಿಲ್ಲ. ಆಮೇಲೆ ಉಬ್ಬಸವೂ ಶುರುವಾಗಿ ಇನ್‌ಹೇಲರ್ ಹಿಡಿದಿದ್ದಾರೆ. ಒಂದು ದಿನ ಹಲ್ಲುನೋವೆಂದು ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್ ತಂದು ನುಂಗುತ್ತಾರೆ. ಗಂಟೆ ಕಳೆಯುವುದರೊಳಗೆ ಮೂಗು ಸುರಿದು, ಮುಖ ಕೆಂಪೇರಿ, ಎದೆ ಬಿಗಿದು ಆಸ್ಪತ್ರೆಗೆ ಓಡಬೇಕಾಗುತ್ತದೆ.

ಮೂಗು, ಎದೆ, ಮಾತ್ರೆ ಮೂರಕ್ಕೂ ನಂಟಿದೆ. 1968ರಲ್ಲಿ ಇದನ್ನು ವಿವರವಾಗಿ ಬರೆದ ಮ್ಯಾಕ್ಸ್ ಸ್ಯಾಮ್ಟರ್ ಹೆಸರಿನಲ್ಲೇ ವೈದ್ಯರು ಈ ಕಾಯಿಲೆಯನ್ನು ಗುರುತಿಸುತ್ತಾರೆ. ಮೂಗಿನ ಒಳಪದರ ಬಹುಕಾಲ ಉರಿಯೂತದಿಂದ ಊದಿಕೊಂಡು, ಸಿಪ್ಪೆ ಸುಲಿದ ದ್ರಾಕ್ಷಿಯಂತೆ ಜೋತುಬೀಳುವುದೇ ಪಾಲಿಪ್, ಜನರ ಮಾತಿನಲ್ಲಿ ದುರ್ಮಾಂಸ. ಮುಟ್ಟಿದರೆ ನೋಯುವುದಿಲ್ಲ. ಸಾಮಾನ್ಯವಾಗಿ ಎರಡೂ ಹೊಳ್ಳೆಗಳಲ್ಲಿ ಬರುತ್ತದೆ. ಒಂದೇ ಕಡೆ ಇದ್ದರೆ, ಅದರಲ್ಲೂ ರಕ್ತ ಬರುತ್ತಿದ್ದರೆ, ಗೆಡ್ಡೆಯಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು.

ಇಂಥವರ ದೇಹದಲ್ಲಿ ಶ್ವಾಸನಾಳವನ್ನು ಬಿಗಿಸುವ ಲ್ಯೂಕೋಟ್ರೈನ್ ಎಂಬ ರಾಸಾಯನಿಕ ಮೊದಲೇ ಹೆಚ್ಚಿರುತ್ತದೆ. ಅದನ್ನು ಹತೋಟಿಯಲ್ಲಿಡುವುದು ಪ್ರೊಸ್ಟಗ್ಲಾಂಡಿನ್ ಇ2. ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳು ಈ ಕಾವಲನ್ನೇ ತೆಗೆದುಬಿಡುತ್ತವೆ. ಇದು ಮಾಮೂಲಿ ಅಲರ್ಜಿಯಲ್ಲ, ಹಾಗಾಗಿ ಚರ್ಮದ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಒಂದು ಮಾತ್ರೆ ಆಗದಿದ್ದರೆ ಅದೇ ಬಗೆಯ ಉಳಿದವೂ ಆಗುವುದಿಲ್ಲ. ಬರೀ ಪ್ಯಾರಾಸಿಟಮಾಲ್ 500 ಮಿ.ಗ್ರಾಂ ಹೆಚ್ಚಿನವರಿಗೆ ಒಗ್ಗುತ್ತದೆ. ಆದರೆ ನಮ್ಮಲ್ಲಿ ಅದಕ್ಕೆ ಐಬುಪ್ರೊಫೆನ್ ಅಥವಾ ಡೈಕ್ಲೊಫೆನಾಕ್ ಸೇರಿಸಿದ ಮಾತ್ರೆಗಳೂ ಧಾರಾಳವಾಗಿ ಸಿಗುತ್ತವೆ. ಸ್ಟ್ರಿಪ್ಪಿನ ಹಿಂದಿನ ಸಣ್ಣಕ್ಷರ ಓದದೆ ನುಂಗಬಾರದು.

ಚಿಕಿತ್ಸೆ ಶುರುವಾಗುವುದು ಉಪ್ಪುನೀರಿನಿಂದ ಮೂಗು ತೊಳೆಯುವುದರಿಂದ ಮತ್ತು ಸ್ಟೀರಾಯ್ಡ್ ಸ್ಪ್ರೇಯಿಂದ. ತಲೆ ತುಸು ಮುಂದೆ ಬಾಗಿಸಿ, ಬಲಹೊಳ್ಳೆಗೆ ಎಡಗೈಯಿಂದ, ತುದಿ ಕಿವಿಯ ಕಡೆಗಿರುವಂತೆ ಹೊಡೆದುಕೊಳ್ಳಬೇಕು. ನಡುಗೋಡೆಗೆ ಹೊಡೆದರೆ ಔಷಧಿ ಸೇರಬೇಕಾದಲ್ಲಿ ಸೇರುವುದಿಲ್ಲ, ರಕ್ತವೂ ಬರಬಹುದು. ಗುಣ ಕಾಣಲು ವಾರಗಳೇ ಬೇಕು. ಸ್ಟೀರಾಯ್ಡ್ ಮಾತ್ರೆ ಕೆಲವೇ ದಿನದಲ್ಲಿ ವಾಸನೆ ಮರಳಿಸುತ್ತದೆ. ಆ ಖುಷಿಗೆ ಮತ್ತೆ ಮತ್ತೆ ನುಂಗಿದರೆ ಸಕ್ಕರೆ ಏರುತ್ತದೆ, ಮೂಳೆ ಸವೆಯುತ್ತದೆ.

ಇಷ್ಟಕ್ಕೂ ಬಗ್ಗದಿದ್ದರೆ ಎಂಡೋಸ್ಕೋಪಿಯಿಂದ ಶಸ್ತ್ರಚಿಕಿತ್ಸೆ. ಅದು ಪಾಲಿಪ್ ತೆಗೆದು ಸೈನಸ್‌ನ ಬಾಗಿಲು ತೆರೆಯುತ್ತದೆ, ಉರಿಯೂತದ ಸ್ವಭಾವವನ್ನು ಬದಲಿಸುವುದಿಲ್ಲ. ಸ್ಯಾಮ್ಟರ್ ರೋಗಿಗಳಲ್ಲಿ ಪಾಲಿಪ್ ಮತ್ತೆ ಬೆಳೆಯುವುದೇ ಹೆಚ್ಚು, ಆದ್ದರಿಂದ ಆಪರೇಷನ್ ಆಯಿತೆಂದು ಸ್ಪ್ರೇ ಬಿಡುವಂತಿಲ್ಲ. ಪದೇಪದೇ ಬರುವವರಿಗೆ ಡುಪಿಲುಮ್ಯಾಬ್ ಇಂಜೆಕ್ಷನ್ ಇದೆ, ಆದರೆ ಅದರ ಬೆಲೆ ಬಹಳ ದುಬಾರಿ.

ಇನ್ನೊಂದು ದಾರಿ ಕೇಳಲು ವಿಚಿತ್ರ: ಆಸ್ಪಿರಿನ್ನನ್ನೇ ಕೊಡುವುದು. ಆಪರೇಷನ್ ಆದ ಕೆಲವು ವಾರಗಳ ಮೇಲೆ, ತಜ್ಞರ ಕಣ್ಗಾವಲಿನಲ್ಲಿ ತೀರಾ ಕಡಿಮೆ ಪ್ರಮಾಣದಿಂದ ಏರಿಸುತ್ತ ಹೋಗಿ, ನಂತರ ದಿನವೂ ಮುಂದುವರಿಸುತ್ತಾರೆ. ಇದರಿಂದ ಪಾಲಿಪ್ ಮರುಕಳಿಸುವುದು ನಿಧಾನವಾಗುತ್ತದೆ. ಹೊಟ್ಟೆಯಲ್ಲಿ ಹುಣ್ಣು ಇರುವವರಿಗೆ ಇದು ಹೇಳಿದ್ದಲ್ಲ. ಎರಡು ಮೂರು ದಿನ ಮಾತ್ರೆ ತಪ್ಪಿದರೂ ದೇಹ ಹಳೆಯ ಚಾಳಿಗೆ ಮರಳುತ್ತದೆ. ಆಗ ಮನೆಯಲ್ಲೇ ಮತ್ತೆ ಶುರು ಮಾಡದೆ ವೈದ್ಯರ ಬಳಿಗೇ ಹೋಗಬೇಕು.