ತಯಾರಿಕಾ ವೆಚ್ಚದ ಪಟ್ಟಿ: ಸಾಸವಡದ ಸೀತಾಫಲವನ್ನು ನಿಮಿತ್ತವಾಗಿಟ್ಟುಕೊಂಡು

ಪುಣೆಯಿಂದ ದಿವೇಘಾಟವನ್ನೇರಿ ಹೋದರೆ ಕರ್ಹಾ ನದಿಯ ದಡದ ಸಾಸವಡ ಸಿಗುತ್ತದೆ. ಸೋಪಾನದೇವರ ಸಮಾಧಿಯಿಂದ ಪ್ರಸಿದ್ಧವಾದ ಈ ಊರು ಸೀತಾಫಲ, ಅಂಜೂರಗಳಿಗೂ ಹೆಸರಾದದ್ದು. ಮಾಗಿದ ಸೀತಾಫಲ ಎರಡು ಮೂರು ದಿನವೂ ನಿಲ್ಲದು. ಆದುದರಿಂದ ಬೀಜ ತೆಗೆದು ತಿರುಳನ್ನು ಘನೀಕರಿಸಿ ಮಾರುವ ಉದ್ಯಮಕ್ಕೆ ಇಲ್ಲಿ ಅವಕಾಶವುಂಟು. ಇಂಥ ಉದ್ಯಮದಲ್ಲಿ ಒಂದು ಕಿಲೋ ತಿರುಳಿಗೆ ಬಿದ್ದ ಅಸಲೆಷ್ಟು ಎಂಬ ಪ್ರಶ್ನೆಗೆ ಉತ್ತರ ಕೊಡುವುದೇ ತಯಾರಿಕಾ ವೆಚ್ಚದ ಪಟ್ಟಿ. ಅದರ ಕ್ರಮವನ್ನು ಒಂದು ಕಲ್ಪಿತ ಘಟಕದ ಒಂದು ತಿಂಗಳ ಲೆಕ್ಕದಿಂದ ನೋಡೋಣ. ಅಂಕಿಗಳೆಲ್ಲ ಉದಾಹರಣೆಗಾಗಿ ಊಹಿಸಿದವು.

ಆ ತಿಂಗಳು ಘಟಕವು ಸಾಗಣೆ, ಹಮಾಲಿ ಸೇರಿ 6,75,000 ರೂಪಾಯಿಗೆ ಹಣ್ಣು ಕೊಂಡಿತು. 1,60,000 ಕೂಲಿ ಕೊಟ್ಟಿತು. ವಿದ್ಯುತ್ತು, ದುರಸ್ತಿ, ಯಂತ್ರಗಳ ಸವಕಳಿ ಮೊದಲಾದ ಕಾರ್ಖಾನೆಯ ಮೇಲ್ವೆಚ್ಚ 1,15,000 ಆಯಿತು. ಒಟ್ಟು 9,50,000. ಮಾರಿದ್ದು 5,000 ಕಿಲೋ, ಕಿಲೋಗೆ 130ರಂತೆ 6,50,000. ಇಷ್ಟನ್ನೇ ನೋಡಿದ ಯಜಮಾನನು ಮೂರು ಲಕ್ಷ ನಷ್ಟವಾಯಿತೆಂದು ಕೈಚೆಲ್ಲಬಹುದು. ಆದರೆ ಖರ್ಚಾದ ಹಣವೆಲ್ಲ ಮಾರಿದ ಮಾಲಿನದಲ್ಲ. ಅದರ ಒಂದಂಶ ಮೂರು ದಾಸ್ತಾನುಗಳಲ್ಲಿ ಕುಳಿತಿದೆ. ಪಟ್ಟಿಯು ಅವನ್ನು ಒಂದೊಂದಾಗಿ ಬಿಡಿಸುತ್ತದೆ.

ಮೊದಲನೆಯದು ಕಚ್ಚಾ ಮಾಲು. ತಿಂಗಳಾರಂಭದಲ್ಲಿ 30,000ದ ಹಣ್ಣಿತ್ತು, ಕೊನೆಗೆ 40,000ದ್ದು ಉಳಿಯಿತು. ಆರಂಭದ ದಾಸ್ತಾನಿಗೆ ಖರೀದಿಯನ್ನು ಕೂಡಿಸಿ ಉಳಿದುದನ್ನು ಕಳೆದರೆ ಬಳಕೆಯಾದ ಹಣ್ಣು 6,65,000. ಇದಕ್ಕೆ ಕೂಲಿ, ಮೇಲ್ವೆಚ್ಚಗಳನ್ನು ಸೇರಿಸಿದರೆ ತಿಂಗಳ ತಯಾರಿಕೆಯ ಖರ್ಚು 9,40,000.

ಎರಡನೆಯದು ಅರೆ ತಯಾರಾದ ಸರಕು: ಬೀಜ ತೆಗೆದರೂ ಇನ್ನೂ ಘನೀಕರಿಸದ, ಪೊಟ್ಟಣ ಕಟ್ಟದ ತಿರುಳು. ಆರಂಭದಲ್ಲಿ ಇದು 45,000ದಷ್ಟಿತ್ತು; ಕೊನೆಗೆ 1,000 ಕಿಲೋ ಉಳಿಯಿತು. ಇದರ ಬೆಲೆ ಕಟ್ಟುವಲ್ಲಿಯೇ ವಿವೇಕ ಬೇಕು. ಹಣ್ಣಿನ ಬೆಲೆ ಇದರಲ್ಲಿ ಪೂರ್ತಿ ಸೇರಿದೆ. ಕೂಲಿ, ಮೇಲ್ವೆಚ್ಚ ಅರ್ಧ ಮಾತ್ರ ಸೇರಿವೆ. ಕಿಲೋ ತಿರುಳಿಗೆ ಹಣ್ಣಿನದು 70, ಉಳಿದದ್ದು 30 ರೂಪಾಯಿ ಬೀಳುವುದಾದರೆ, ಇದಕ್ಕೆ 70ರ ಜೊತೆ 15, ಅಂದರೆ ಕಿಲೋಗೆ 85, ಒಟ್ಟು 85,000. ಈಗ ಪಟ್ಟಿ ಪೂರ್ಣವಾಗುತ್ತದೆ:

ಬಳಕೆಯಾದ ಕಚ್ಚಾ ಮಾಲು — 6,65,000
ಕೂಲಿ — 1,60,000
ಕಾರ್ಖಾನೆಯ ಮೇಲ್ವೆಚ್ಚ — 1,15,000
ತಿಂಗಳ ತಯಾರಿಕೆಯ ಖರ್ಚು — 9,40,000
ಕೂಡಿಸು: ಆರಂಭದ ಅರೆ ತಯಾರಾದ ಸರಕು — 45,000
ಕಳೆ: ಅಂತ್ಯದ ಅರೆ ತಯಾರಾದ ಸರಕು — 85,000
ತಯಾರಾದ ಸರಕಿನ ವೆಚ್ಚ — 9,00,000

ಆ ತಿಂಗಳು ಸಿದ್ಧವಾದದ್ದು 9,000 ಕಿಲೋ. ಆದ್ದರಿಂದ ಅಸಲು ಕಿಲೋಗೆ 100.

ಮೂರನೆಯದಾದ ಸಿದ್ಧ ಸರಕು ಈ ಪಟ್ಟಿಯೊಳಗೆ ಬರತಕ್ಕದ್ದಲ್ಲ. ಅದು ಮುಂದಿನ ಹೆಜ್ಜೆಯದು. ಶೀತಾಗಾರದಲ್ಲಿ ಮೊದಲು 2,00,000ದ ತಿರುಳಿತ್ತು, ಕೊನೆಗೆ 6,00,000ದ್ದು ಉಳಿಯಿತು. ಹಾಗಾಗಿ ಮಾರಿದ ಸರಕಿನ ವೆಚ್ಚ 5,00,000. ನಷ್ಟವೆಂದು ತೋರಿದ ತಿಂಗಳಲ್ಲಿ ನಿಜವಾಗಿ 1,50,000 ಒಟ್ಟು ಲಾಭವಿದೆ. ತಯಾರಾದುದರ ವೆಚ್ಚ, ಮಾರಿದುದರ ವೆಚ್ಚ ಇವೆರಡನ್ನು ಬೆರೆಸುವುದು ಸಾಮಾನ್ಯವಾದ ದೋಷ.

ಇನ್ನೂ ಸೂಕ್ಷ್ಮವಾದ ದೋಷ ಅಂತ್ಯದ ಅರೆ ತಯಾರಾದ ಸರಕನ್ನು ಮರೆಯುವುದು. ಆಗ ವೆಚ್ಚ 9,85,000ಕ್ಕೇರಿ ಕಿಲೋಗೆ 109 ರೂಪಾಯಿ 44 ಪೈಸೆಯಾಗಿ ಕಾಣುತ್ತದೆ. 105ಕ್ಕೆ ಕೇಳಿ ಬಂದ ಲಾಭದ ಬೇಡಿಕೆಯನ್ನು ಯಜಮಾನನು ಹಿಂದಿರುಗಿಸುತ್ತಾನೆ. ಮುಂದಿನ ತಿಂಗಳ ಆರಂಭದಲ್ಲಿಯೂ ಆ 85,000 ಇಲ್ಲದ್ದರಿಂದ, ಅಷ್ಟೇ ಮಾಲು ಅಷ್ಟೇ ವೆಚ್ಚದಲ್ಲಿ ತಯಾರಾದರೂ ಅಸಲು ಸುಮಾರು 90 ರೂಪಾಯಿ 56 ಪೈಸೆಗೆ ಇಳಿದಂತೆ ತೋರುತ್ತದೆ. ಅದನ್ನು ನಂಬಿ 95ಕ್ಕೆ ಮಾರಿದರೆ ಕಿಲೋಗೆ 5 ರೂಪಾಯಿ ಕೈಬಿಡುತ್ತದೆ. ಎರಡು ತಿಂಗಳ ಸರಾಸರಿ ಸರಿಯಾಗಿಯೇ ಕಾಣುವುದರಿಂದ ವರ್ಷದ ಲೆಕ್ಕದಲ್ಲಿ ಈ ತಪ್ಪು ಅಡಗಿಬಿಡುತ್ತದೆ. ಹಣ್ಣಿನ ಬೆಲೆ, ತಿರುಳಿನ ಇಳುವರಿ, ಕೂಲಿ ಬದಲಾಗದೆ ಅಸಲು ಮಾತ್ರ ತಿಂಗಳಿಂದ ತಿಂಗಳಿಗೆ ಏರಿಳಿದರೆ, ಮೊದಲು ನೋಡಬೇಕಾದದ್ದು ಈ ಸಾಲನ್ನೇ.

ಪಟ್ಟಿಗೆ ಮಿತಿಯೂ ಇದೆ. ಸಿಪ್ಪೆ, ಬೀಜ, ವಾಡಿಕೆಯಷ್ಟು ಕೊಳೆತ ಹಣ್ಣು ಇವುಗಳ ಭಾರವನ್ನು ಒಳ್ಳೆಯ ತಿರುಳೇ ಹೊರಬೇಕು. ಆದರೆ ವಿದ್ಯುತ್ತು ಕೈಕೊಟ್ಟು ಒಂದು ದಿನದ ಮಾಲೆಲ್ಲ ಕೆಟ್ಟರೆ ಆ ನಷ್ಟವನ್ನು ಬೇರೆಯಾಗಿ ಬರೆಯಬೇಕು. ಹಾಗೆಯೇ ಘನೀಕರಿಸಲು ತಗುಲಿದ ವಿದ್ಯುತ್ತು ತಯಾರಿಕೆಗೆ ಸೇರಿದ್ದು. ಸಿದ್ಧವಾದ ತಿರುಳು ಗಿರಾಕಿಗಾಗಿ ಶೀತಾಗಾರದಲ್ಲಿ ಕಾಯುವ ಬಾಡಿಗೆ ತಯಾರಿಕೆಗೆ ಸೇರದು. ಅದನ್ನೂ ಅಸಲಿನಲ್ಲಿ ತುರುಕಿದರೆ, ಮಾರಾಟವಾಗದೆ ಉಳಿದಷ್ಟೂ ಮಾಲಿನ ಬೆಲೆ ಪುಸ್ತಕದಲ್ಲಿ ಬೆಳೆಯುತ್ತ ಹೋಗುವುದು, ಪೇಟೆಯಲ್ಲಲ್ಲ.