ಬಣ್ಣ ಗಾಢವಾದಾಗ ಬೀರನ ನಿಯಮ ಬಾಗುವುದೇಕೆ?

ಬಣ್ಣದ ದ್ರಾವಣವೊಂದರ ಮೂಲಕ ಬೆಳಕನ್ನು ಹಾಯಿಸಿ, ಅದರಲ್ಲಿ ಕರಗಿರುವ ವಸ್ತುವಿನ ಪ್ರಮಾಣವನ್ನು ಅಳೆಯಬಹುದೆಂಬುದನ್ನು ಮೇಲ್ತರಗತಿಯ ವಿದ್ಯಾರ್ಥಿಗಳು ಬಲ್ಲರು. ಬೆಳಕು ಹಾಯ್ದುಹೋಗುವ ದಾರಿ ಉದ್ದವಾದಷ್ಟೂ ಹೇಗೆ ಕುಗ್ಗುತ್ತದೆ ಎಂಬುದನ್ನು ಫ್ರಾನ್ಸಿನ ಬೂಗೇರ್ 1729ರಲ್ಲಿಯೂ, ಲ್ಯಾಂಬರ್ಟ್ 1760ರಲ್ಲಿಯೂ ನಿರೂಪಿಸಿದರು. ದ್ರಾವಣದ ಸಾಂದ್ರತೆಗೂ ಈ ಕುಗ್ಗುವಿಕೆಗೂ ಇರುವ ಸಂಬಂಧವನ್ನು 1852ರಲ್ಲಿ ತಿಳಿಸಿದವನು ಜರ್ಮನಿಯ ಬೀರ್. ಇವೆಲ್ಲ ಕೂಡಿ ಇಂದು ಬೀರ್-ಲ್ಯಾಂಬರ್ಟ್ ನಿಯಮವೆನಿಸಿವೆ. ಒಳಹೋದ ಬೆಳಕಿನಲ್ಲಿ ಹತ್ತರಲ್ಲೊಂದು ಪಾಲು ಹೊರಬಂದರೆ ಹೀರಿಕೆಯ ಅಂಕ 1. ನೂರರಲ್ಲೊಂದು ಪಾಲು ಬಂದರೆ 2. ಸಾವಿರದಲ್ಲೊಂದು ಬಂದರೆ 3. ಉಪಕರಣದ ಮುಖದ ಮೇಲೆ ಇದನ್ನೇ ಅಬ್ಸಾರ್ಬೆನ್ಸ್ ಎಂದು ಬರೆದಿರುತ್ತಾರೆ. ಸಾಂದ್ರತೆ ಎರಡರಷ್ಟಾದರೆ ಈ ಅಂಕವೂ ಎರಡರಷ್ಟಾಗಬೇಕು ಎಂಬುದೇ ನಿಯಮದ ಸಾರ.

ಆದರೆ ಪ್ರಯೋಗಶಾಲೆಯಲ್ಲಿ ನಕ್ಷೆ ಎಳೆದು ನೋಡಿದರೆ ಸರಳರೇಖೆಯು ಮೇಲಕ್ಕೆ ಹೋದಂತೆಲ್ಲ ಬಾಗತೊಡಗುತ್ತದೆ; ಕೊನೆಗೆ ಮಲಗಿಯೇ ಬಿಡುತ್ತದೆ. ದ್ರಾವಣವನ್ನು ಇನ್ನೆಷ್ಟು ಗಾಢವಾಗಿಸಿದರೂ ಅಂಕ ಮೇಲೇರದು. ಇಂತಹ ನಕ್ಷೆಯನ್ನು ಕಂಡ ಹುಡುಗರು ನಿಯಮವೇ ಸುಳ್ಳೆಂದು ಕೆಲವೊಮ್ಮೆ ಭಾವಿಸುತ್ತಾರೆ. ಇನ್ನು ಕೆಲವರು ತಮ್ಮ ಕೈ ತಪ್ಪಿತೆಂದು ಮೇಲಿನ ಬಿಂದುಗಳನ್ನು ಅಳಿಸಿಹಾಕುತ್ತಾರೆ. ಎರಡೂ ಸರಿಯಲ್ಲ. ಬಾಗುವಿಕೆಗೆ ಕಾರಣಗಳು ಹಲವಿವೆ. ಅವುಗಳಲ್ಲಿ ಹೆಚ್ಚಾಗಿ ಎದುರಾಗುವ ಒಂದನ್ನೇ ಹಿಡಿದು ನಾವು ಇಲ್ಲಿ ವಿಚಾರಮಾಡೋಣ. ಅದು ಅಡ್ಡಬೆಳಕು.

ಚಾಳಿನ ಕೋಣೆಯೊಂದನ್ನು ನೆನೆಯಿರಿ. ಹಗಲಿನಲ್ಲಿ ನಿದ್ರಿಸಬೇಕಾದವರು ಕಿಟಕಿಗೆ ಒಂದು ಪರದೆ ಕಟ್ಟುತ್ತಾರೆ, ಕೋಣೆ ಮಬ್ಬಾಗುತ್ತದೆ. ಎರಡನೆಯದನ್ನು ಕಟ್ಟಿದರೆ ಇನ್ನೂ ಕತ್ತಲಾಗುತ್ತದೆ. ಆದರೆ ಬಾಗಿಲಿನ ಕೆಳಗಿನ ಸಂದಿಯಿಂದ ಪಡಸಾಲೆಯ ದೀಪದ ಬೆಳಕು ಒಳಗೆ ಬರುತ್ತಲೇ ಇದ್ದರೆ, ಐದನೆಯ, ಆರನೆಯ ಪರದೆಗಳಿಂದ ಏನು ಪ್ರಯೋಜನ? ಕಿಟಕಿಯ ಬೆಳಕೆಲ್ಲ ತಡೆದುನಿಂತರೂ ಸಂದಿಯ ಬೆಳಕು ಇದ್ದಷ್ಟೇ ಇರುತ್ತದೆ. ಕೋಣೆಯ ಕತ್ತಲೆಯನ್ನು ಅಳೆದು ಪರದೆಗಳ ಸಂಖ್ಯೆಯನ್ನು ಹೇಳಬೇಕೆಂದು ಹೊರಟವನು, ಮೊದಲ ಒಂದೆರಡು ಪರದೆಗಳನ್ನು ಸರಿಯಾಗಿ ಎಣಿಸಿ, ಆಮೇಲೆ ಮೋಸಹೋಗುತ್ತಾನೆ.

ಸ್ಪೆಕ್ಟ್ರೋಫೋಟೋಮೀಟರಿನೊಳಗೂ ಹೀಗೆಯೇ. ದೀಪದ ಬಿಳಿಯ ಬೆಳಕನ್ನು ಬಣ್ಣಬಣ್ಣವಾಗಿ ಒಡೆದು, ನಮಗೆ ಬೇಕಾದ ಒಂದೇ ಬಣ್ಣವನ್ನು ಸೀಳುಗಂಡಿಯ ಮೂಲಕ ದ್ರಾವಣಕ್ಕೆ ಕಳುಹಿಸುವುದು ಅದರ ಕೆಲಸ. ಆದರೆ ಬೆಳಕನ್ನು ಒಡೆಯುವ ಗೆರೆಪಟ್ಟಿಯ ಸಣ್ಣ ದೋಷಗಳಿಂದಲೂ, ಕನ್ನಡಿಗಳ ಮೇಲೆ ಕುಳಿತ ಧೂಳಿನಿಂದಲೂ ಚದುರಿದ ಬೇರೆ ಬಣ್ಣದ ಬೆಳಕು ಸ್ವಲ್ಪ ಅದರೊಡನೆ ನುಸುಳುತ್ತದೆ. ದ್ರಾವಣವು ಹೀರುವುದು ಒಂದು ಬಣ್ಣವನ್ನು. ನುಸುಳಿ ಬಂದದ್ದು ಅದು ಹೀರದೆ ಬಿಡುವ ಇನ್ನೊಂದು ಬಣ್ಣ. ಆಚೆಯಿರುವ ಬೆಳಕಿನ ಗ್ರಾಹಕಕ್ಕೆ ಬಣ್ಣದ ಭೇದ ತಿಳಿಯದು. ಬಂದ ಬೆಳಕನ್ನೆಲ್ಲ ಅದು ಒಟ್ಟಾಗಿಯೇ ಲೆಕ್ಕಕ್ಕೆ ಹಿಡಿಯುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ನಮಗೆಲ್ಲ ಪರಿಚಿತವಾದ ಪೊಟ್ಯಾಸಿಯಂ ಪರ್ಮಾಂಗನೇಟನ್ನೇ ತೆಗೆದುಕೊಳ್ಳೋಣ. ಅದರ ಕೆನ್ನೇರಳೆ ದ್ರಾವಣವು 525 ನ್ಯಾನೋಮೀಟರಿನ ಹಸಿರು ಬೆಳಕನ್ನು ಬಲವಾಗಿ ಹೀರುತ್ತದೆ. ಕೆಂಪನ್ನು ಬಹುಮಟ್ಟಿಗೆ ಬಿಟ್ಟುಕೊಡುತ್ತದೆ. ಒಂದು ಲೀಟರಿನಲ್ಲಿ ಸುಮಾರು 66 ಮಿಲಿಗ್ರಾಂ ಕರಗಿಸಿ 1 ಸೆಂಟಿಮೀಟರ್ ಅಗಲದ ಕುವೆಟ್ಟಿನಲ್ಲಿ ತುಂಬಿದರೆ ಹೀರಿಕೆ 1 ಆಗುತ್ತದೆ. ಹಾಗಾದರೆ 33 ಮಿಲಿಗ್ರಾಮಿಗೆ 0.5, 132ಕ್ಕೆ 2, 198ಕ್ಕೆ 3 ಬರಬೇಕು.

ನಮ್ಮ ಉಪಕರಣದಲ್ಲಿ ಹಸಿರು ಬೆಳಕು 100 ಪಾಲು, ಅದರೊಡನೆ ದ್ರಾವಣ ಹೀರಲಾರದ ಅಡ್ಡಬೆಳಕು 1 ಪಾಲು ಎಂದು ಇಟ್ಟುಕೊಳ್ಳೋಣ. ಕುವೆಟ್ಟಿನಲ್ಲಿ ಬರಿಯ ನೀರಿರುವಾಗ ಗ್ರಾಹಕಕ್ಕೆ ತಲಪುವುದು 101 ಪಾಲು. ಇದನ್ನೇ ನಾವು ಸೊನ್ನೆಯೆಂದು ಹೊಂದಿಸುತ್ತೇವೆ. 66 ಮಿಲಿಗ್ರಾಮಿನ ದ್ರಾವಣವನ್ನು ಇಟ್ಟಾಗ ಹಸಿರು 10 ಪಾಲು ಉಳಿಯುತ್ತದೆ, ಅಡ್ಡಬೆಳಕು 1 ಸೇರಿ 11. 101ನ್ನು 11ರಿಂದ ಭಾಗಿಸಿ ಲಾಗರಿದಮ್ ತೆಗೆದರೆ 0.963. ಒಂದರ ಬದಲು ಇಷ್ಟು ಬಂದರೆ ಕೊರತೆ ಅಷ್ಟೇನೂ ದೊಡ್ಡದಲ್ಲ. 132 ಮಿಲಿಗ್ರಾಮಿನಲ್ಲಿ ಹಸಿರು ಉಳಿಯುವುದು 1 ಪಾಲು ಮಾತ್ರ, ಅಡ್ಡಬೆಳಕೂ 1. ಕಳ್ಳನೂ ಯಜಮಾನನೂ ಸಮಬಲರಾದರು! ಅಂಕ 2ರ ಬದಲು 1.703. 198 ಮಿಲಿಗ್ರಾಮಿನಲ್ಲಿ ಹಸಿರು 0.1 ಪಾಲು, ಅಡ್ಡಬೆಳಕು ಅದರ ಹತ್ತರಷ್ಟು. ಅಂಕ 3ರ ಬದಲು 1.963. ಮುಂದೆ ಎಷ್ಟು ಪುಡಿ ಸುರಿದರೂ 2.004ನ್ನು ದಾಟುವುದು ಸಾಧ್ಯವಿಲ್ಲ. ಏಕೆಂದರೆ ಹಸಿರೆಲ್ಲ ಮುಗಿದ ಮೇಲೂ ಆ ಒಂದು ಪಾಲು ಅಡ್ಡಬೆಳಕು ಉಳಿದೇ ಇರುತ್ತದೆ.

ನಿಯಮ ಇಲ್ಲಿ ಎಲ್ಲಿಯೂ ಮುರಿಯಲಿಲ್ಲ ಎಂಬುದನ್ನು ಗಮನಿಸಬೇಕು. ಹಸಿರು ಬೆಳಕು ನಿಯಮಕ್ಕೆ ತಲೆಬಾಗಿಯೇ ನಡೆಯಿತು. ನಾವು ಅಳೆದದ್ದು ಬರಿಯ ಹಸಿರನ್ನಲ್ಲ, ಅಷ್ಟೇ. ಶಾಲೆಗಳಲ್ಲಿರುವ ಸಾಮಾನ್ಯ ಕಲರಿಮೀಟರಿನಲ್ಲಿ ಬಣ್ಣದ ಗಾಜು ಒಂದು ಅಗಲವಾದ ಪಟ್ಟಿಯಷ್ಟು ಬೆಳಕನ್ನು ಬಿಡುವುದರಿಂದ, ಅಲ್ಲಿ ಬಾಗುವಿಕೆ ಇನ್ನೂ ಬೇಗನೆ ಆರಂಭವಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಬೆಳಕನ್ನು ಒಂದರ ಹಿಂದೊಂದಾಗಿ ಎರಡು ಸಲ ಒಡೆದು ಆರಿಸುವ ದುಬಾರಿಯ ಉಪಕರಣಗಳಲ್ಲಿ ಅಡ್ಡಬೆಳಕು ಅತ್ಯಲ್ಪ. ಅವು 3ರ ಆಚೆಗೂ ನಂಬಿಕೆಗೆ ಅರ್ಹವಾಗಿರುತ್ತವೆ.

ಹಾಗಾದರೆ ಬಾಗುವಿಕೆ ಉಪಕರಣದಿಂದ ಬಂದುದೋ, ದ್ರಾವಣದ ರಸಾಯನಕ್ರಿಯೆಯಿಂದ ಬಂದುದೋ ಎಂದು ತಿಳಿಯುವುದು ಹೇಗೆ? ಪೊಟ್ಯಾಸಿಯಂ ಡೈಕ್ರೋಮೇಟಿನಂತಹ ವಸ್ತುಗಳಲ್ಲಿ ಈ ಸಂದೇಹ ನ್ಯಾಯವಾದುದೇ. ಅದನ್ನು ಬರಿಯ ನೀರಿನಿಂದ ತೆಳುಮಾಡಿದರೆ ಡೈಕ್ರೋಮೇಟಿನ ಅಯಾನುಗಳು ಒಡೆದು, ಬೇರೆ ರೀತಿ ಬೆಳಕು ಹೀರುವ ಅಯಾನುಗಳಾಗುತ್ತವೆ. ಪರೀಕ್ಷೆ ಸುಲಭ. 132 ಮಿಲಿಗ್ರಾಮಿನ ದ್ರಾವಣವನ್ನು 1 ಸೆಂಟಿಮೀಟರ್ ಕುವೆಟ್ಟಿನಲ್ಲಿಯೂ, 66 ಮಿಲಿಗ್ರಾಮಿನದನ್ನು 2 ಸೆಂಟಿಮೀಟರ್ ಕುವೆಟ್ಟಿನಲ್ಲಿಯೂ ಅಳೆಯಿರಿ. ಬೆಳಕಿನ ದಾರಿಯಲ್ಲಿ ಸಿಗುವ ವಸ್ತು ಎರಡರಲ್ಲಿಯೂ ಒಂದೇ. ಎರಡೂ ಅಂಕಗಳು ಸಮನಾಗಿ ಕಡಿಮೆ ಬಂದರೆ ದೋಷ ಬೆಳಕಿನ ಕಡೆಯದು. ಅಂಕಗಳು ಬೇರೆಬೇರೆಯಾದರೆ, ತೆಳುವಾದಾಗ ವಸ್ತುವೇ ರೂಪ ಬದಲಿಸಿದೆ ಎಂದು ತಿಳಿಯಬೇಕು. ಆಗ ಆಮ್ಲವನ್ನೋ ಕ್ಷಾರವನ್ನೋ ಒಂದೇ ಪ್ರಮಾಣದಲ್ಲಿ ಸೇರಿಸಿ ಅದನ್ನು ಒಂದೇ ರೂಪದಲ್ಲಿ ನಿಲ್ಲಿಸಬೇಕಾಗುತ್ತದೆ. ಡೈಕ್ರೋಮೇಟನ್ನು ಕ್ಷಾರದಲ್ಲಿ ಕರಗಿಸಿ ಪೂರ್ಣವಾಗಿ ಕ್ರೋಮೇಟಾಗಿಸಿ ಅಳೆಯುವುದು ಇದಕ್ಕಾಗಿಯೇ.

ಅಡ್ಡಬೆಳಕಿನ ದೋಷಕ್ಕೆ ಅತ್ಯುತ್ತಮ ಪರಿಹಾರವೆಂದರೆ ದ್ರಾವಣವನ್ನು ಲೆಕ್ಕವಿಟ್ಟು ತೆಳುಮಾಡುವುದು. ಸಾಂದ್ರತೆ ತಿಳಿಯದ ಒಂದು ಪರ್ಮಾಂಗನೇಟ್ ದ್ರಾವಣ ಬಂದಿದೆಯೆನ್ನಿ. ಮೇಲಿನ ಉಪಕರಣದಲ್ಲಿ 33 ಮಿಲಿಗ್ರಾಮಿನ ಮಾದರಿ ದ್ರಾವಣವು 0.491 ಓದುತ್ತದೆ, ಬಂದ ದ್ರಾವಣವು 1.703. ತ್ರೈರಾಶಿ ಮಾಡಿದರೆ ಉತ್ತರ 114 ಮಿಲಿಗ್ರಾಂ. ಇಲ್ಲಿಗೇ ನಿಲ್ಲಿಸಬಾರದು. ಪಿಪೆಟ್ಟಿನಿಂದ ಸರಿಯಾಗಿ 20 ಮಿಲಿಲೀಟರ್ ತೆಗೆದು, 100 ಮಿಲಿಲೀಟರಿನ ಗುರುತುಳ್ಳ ಫ್ಲಾಸ್ಕಿಗೆ ಹಾಕಿ, ಗುರುತಿನವರೆಗೆ ನೀರು ತುಂಬಿ, ಮುಚ್ಚಳ ಹಿಡಿದು ಹಲವು ಸಲ ತಲೆಕೆಳಗು ಮಾಡಿ ಬೆರೆಸಿ, ಮತ್ತೆ ಅಳೆಯೋಣ. ಈಗ ಓದುವುದು 0.394. ಅದೇ ತ್ರೈರಾಶಿಯಿಂದ 26.5 ಮಿಲಿಗ್ರಾಂ, ಐದರಿಂದ ಗುಣಿಸಿದರೆ ಸುಮಾರು 132. ಮೊದಲಿನ ಉತ್ತರದಲ್ಲಿ 18 ಮಿಲಿಗ್ರಾಂ ಮಾಯವಾಗಿತ್ತು! ತೆಳುಮಾಡಿದಾಗಲೂ ಅಡ್ಡಬೆಳಕು ಇದ್ದೇ ಇತ್ತಲ್ಲ ಎಂದು ನೀವು ಕೇಳಬಹುದು. ಇತ್ತು, ಆದರೆ 40 ಪಾಲು ಹಸಿರಿನ ಪಕ್ಕದಲ್ಲಿ ಅದರ ಒಂದು ಪಾಲು ಅಲ್ಪವಾಯಿತು, ಆ ಅಲ್ಪವೂ ಮಾದರಿ ದ್ರಾವಣದಲ್ಲಿ ಹೆಚ್ಚುಕಡಿಮೆ ಅಷ್ಟೇ ಇದ್ದುದರಿಂದ ಒಂದನ್ನೊಂದು ಸರಿಗಟ್ಟಿತು. ಆದುದರಿಂದಲೇ ಮಾದರಿಯನ್ನೂ ಅದೇ ಉಪಕರಣದಲ್ಲಿ ಅಳೆಯಬೇಕು. ಪುಸ್ತಕದಲ್ಲಿ ಮುದ್ರಿತವಾದ ಅಂಕವನ್ನು ಎರವಲು ತರಬಾರದು.

ಹಾಗೆಂದು ನೂರರಷ್ಟು ತೆಳುಮಾಡುವುದೂ ಜಾಣತನವಲ್ಲ. ಆಗ ಹೀರಿಕೆ 0.02ಕ್ಕೆ ಇಳಿಯುತ್ತದೆ, ಓದುವುದರಲ್ಲಿ 0.002ರಷ್ಟು ಹೆಚ್ಚುಕಡಿಮೆಯಾದರೂ ಉತ್ತರದಲ್ಲಿ ನೂರಕ್ಕೆ ಹತ್ತರಷ್ಟು ತಪ್ಪು. ಅಂಕವು 0.2ರಿಂದ 0.8ರ ಒಳಗೆ ಬೀಳುವಂತೆ ತೆಳುಮಾಡುವುದು ಒಳ್ಳೆಯದು.

ದ್ರಾವಣ ಮುಗಿದುಹೋಗಿದ್ದರೆ, ಅಂಕ ಮಾತ್ರ ಕೈಯಲ್ಲಿದ್ದರೆ, ಲೆಕ್ಕದಿಂದ ತಿದ್ದಬಹುದೆ? ಒಂದು ಮಿತಿಯವರೆಗೆ ತಿದ್ದಬಹುದು. ಓದಿದ ಅಂಕದಿಂದ ಹೊರಬಂದ ಬೆಳಕಿನ ಪಾಲನ್ನು ಹಿಂದಕ್ಕೆ ಲೆಕ್ಕಹಾಕಿ, ಅಡ್ಡಬೆಳಕನ್ನು ಕಳೆಯಬೇಕು. T ಎಂಬುದು ಓದಿದ ಪಾಲು, s ಎಂಬುದು ಅಡ್ಡಬೆಳಕಿನ ಪಾಲು ಆದರೆ,

A = −log [T(1 + s) − s]

1.703ಕ್ಕೆ T ಎಂದರೆ 0.0198, s ಎಂದರೆ 0.01, ಉತ್ತರ 2. ಹಸಿರನ್ನು ಪೂರ್ಣವಾಗಿ ತಡೆಯುವಷ್ಟು ಗಾಢವಾದ ದ್ರಾವಣವನ್ನು ಇಟ್ಟು, ಅಂಕ ಎಲ್ಲಿ ನಿಲ್ಲುತ್ತದೆಂದು ನೋಡಿದರೆ s ಸುಮಾರಾಗಿ ತಿಳಿಯುತ್ತದೆ. ಆದರೆ ಅತಿ ಗಾಢವಾದ ದ್ರಾವಣವು ಅಡ್ಡಬೆಳಕನ್ನೂ ಸ್ವಲ್ಪ ಹೀರುವುದರಿಂದ ಅದು ಖಚಿತವಲ್ಲ. s ನಿಜವಾಗಿ 0.01 ಇದ್ದು ನಾವು 0.009 ಎಂದು ಎಣಿಸಿದೆವೆನ್ನಿ. ಆಗ 1.703 ಎಂಬುದು 2ರ ಬದಲು 1.96 ಆಗುತ್ತದೆ, ಇದನ್ನು ಸಹಿಸಬಹುದು. 1.963 ಎಂಬುದು 3ರ ಬದಲು 2.70 ಆಗುತ್ತದೆ, ಅಂದರೆ 20 ಮಿಲಿಗ್ರಾಂ ಹುಸಿ. ನಕ್ಷೆ ಮಲಗಿದ ಭಾಗದಲ್ಲಿ ಯಾವ ಸೂತ್ರವೂ ಕಳೆದುಹೋದ ಮಾಹಿತಿಯನ್ನು ಮರಳಿ ತರಲಾರದೆಂಬುದು ನಮ್ಮ ಅಭಿಪ್ರಾಯ.

ನಿಮ್ಮಲ್ಲಿ ಕೆಲವರು ಮುಂದೆ ಈ ನಗರದ ಆಸ್ಪತ್ರೆಗಳ ಪ್ರಯೋಗಶಾಲೆಗಳಲ್ಲಿ ಕೆಲಸಕ್ಕೆ ಸೇರಬಹುದು. ಅಲ್ಲಿ ರಕ್ತದ ಸಕ್ಕರೆಯನ್ನು ಬಣ್ಣ ಬರಿಸಿ ಅಳೆಯುವಾಗ ಇದೇ ತೊಡಕು ಬರುತ್ತದೆ. ಸಕ್ಕರೆ ಬಹಳ ಏರಿದವನ ಅಂಕ ನಕ್ಷೆಯ ಬಾಗಿದ ಭಾಗದಲ್ಲಿ ಬಿದ್ದು, ರೋಗ ಇರುವುದಕ್ಕಿಂತ ಕಡಿಮೆಯೆಂದು ತೋರುತ್ತದೆ. ಆದುದರಿಂದ ಮಿತಿ ಮೀರಿದ ಮಾದರಿಯನ್ನು ತೆಳುಮಾಡಿ ಮರಳಿ ಪರೀಕ್ಷಿಸುತ್ತಾರೆ. ಆದರೆ ಅಲ್ಲಿ ತೆಳುಮಾಡಬೇಕಾದುದು ಬಣ್ಣ ಬಂದ ಮೇಲಿನ ದ್ರವವನ್ನಲ್ಲ, ಮೂಲ ರಕ್ತರಸವನ್ನು. ಸಕ್ಕರೆ ಅತಿಯಾಗಿದ್ದರೆ ಬಣ್ಣ ಕೊಡುವ ಔಷಧವೇ ನಡುವೆ ಮುಗಿದುಹೋಗಿರಬಹುದು. ಹುಟ್ಟದೆ ಹೋದ ಬಣ್ಣವನ್ನು ಆಮೇಲೆ ಸೇರಿಸಿದ ನೀರು ಹುಟ್ಟಿಸದು.